ಸ್ಟಾಪ್ ಬಟನ್ ಎನ್‌ಸಿ, ಲ್ಯಾಡರ್‌ನಲ್ಲಿ ಮಾತ್ರ ಎನ್‌ಒ ಏಕೆ? ಸ್ಟಾರ್ಟರ್ ಸರ್ಕ್ಯೂಟನ್ನು ಪಿಎಲ್‌ಸಿಗೆ ತರುವ ಕ್ರಮ

ಪಿಎಲ್‌ಸಿ ಕಲಿಯುತ್ತಿರುವ ಎಲೆಕ್ಟ್ರಿಷಿಯನ್‌ಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಪ್ಯಾನೆಲ್‌ನಲ್ಲಿ ಸ್ಟಾಪ್ ಬಟನ್ ಎನ್‌ಸಿ ಇದೆ. ಓವರ್‌ಲೋಡ್ ಕಾಂಟ್ಯಾಕ್ಟೂ ಎನ್‌ಸಿ. ಹಾಗಿದ್ದ ಮೇಲೆ ಲ್ಯಾಡರ್‌ನಲ್ಲಿ ಎನ್‌ಒ ಗುರುತು ಯಾಕೆ ಹಾಕ್ತಾರೆ?" ಇದರ ಬೆನ್ನಿಗೇ ಇನ್ನೊಂದು ದೂರು ಬರುತ್ತದೆ. "ಓವರ್‌ಲೋಡ್ ಟ್ರಿಪ್ ಆಗಿ ನಿಂತ ಮೋಟರ್ ಸ್ವಲ್ಪ ಹೊತ್ತಿಗೆ ತಾನೇ ಶುರುವಾಯ್ತು." ಎರಡೂ ಪ್ರಶ್ನೆಗೆ ಬೇರು ಒಂದೇ. ರಿಲೇ ಸರ್ಕ್ಯೂಟ್‌ನ ಚಿತ್ರವನ್ನು ನೋಡಿ ಲ್ಯಾಡರ್ ಬರೆದುಬಿಡುತ್ತೇವೆ, ಆ ಸರ್ಕ್ಯೂಟ್ ಮಾಡುತ್ತಿದ್ದ ಕೆಲಸ ಪೂರ್ತಿ ಬಂತಾ ಅಂತ ನೋಡುವುದಿಲ್ಲ.

ಉದಾಹರಣೆಗೆ ಒಂದೇ ಮೋಟರ್ ಇಟ್ಟುಕೊಳ್ಳೋಣ. ಹಿಟ್ಟಿನ ಗಿರಣಿಯಲ್ಲಿ ಗೋಧಿ ಸಾಗಿಸುವ ಸ್ಕ್ರೂ ಕನ್ವೇಯರ್. 5 ಎಚ್‌ಪಿ, 415 ವೋಲ್ಟ್, ಮೂರು ಫೇಸ್. ನೇಮ್‌ಪ್ಲೇಟ್‌ನಲ್ಲಿ 7.5 ಆಂಪಿಯರ್ ಅಂತ ಇದೆ. ಡಿಒಎಲ್ ಸ್ಟಾರ್ಟರ್, ಅಂದರೆ ಸ್ಟಾರ್ ಡೆಲ್ಟಾ ಇಲ್ಲದೆ ಕಾಂಟ್ಯಾಕ್ಟರ್ ಮೂಲಕ ಮೋಟರ್‌ಗೆ ನೇರವಾಗಿ ಪೂರ್ತಿ ವೋಲ್ಟೇಜ್ ಕೊಡುವಂಥದ್ದು.

ಬೇಕಾದ ಸಾಮಾನು

240 ವೋಲ್ಟ್ ಎಸಿ ಕಾಯಿಲ್ ಇರುವ ಒಂದು ಕಾಂಟ್ಯಾಕ್ಟರ್. ಅದರಲ್ಲಿ 13-14 ನಂಬರಿನ ಆಕ್ಸಿಲರಿ ಕಾಂಟ್ಯಾಕ್ಟ್ ಇರಬೇಕು. 6 ರಿಂದ 10 ಆಂಪಿಯರ್ ರೇಂಜಿನ ಓವರ್‌ಲೋಡ್ ರಿಲೇ. ಹಸಿರು ಸ್ಟಾರ್ಟ್ ಬಟನ್ (ಎನ್‌ಒ), ಕೆಂಪು ಸ್ಟಾಪ್ ಬಟನ್ (ಎನ್‌ಸಿ). ಕಂಟ್ರೋಲ್ ಸಪ್ಲೈಗೆ ಒಂದು ಎಂಸಿಬಿ. ಪಿಎಲ್‌ಸಿ ಹಂತಕ್ಕೆ ಬಂದಾಗ 24 ವೋಲ್ಟ್ ಡಿಸಿ ಇನ್‌ಪುಟ್ ಇರುವ ಯಾವುದೇ ಸಣ್ಣ ಪಿಎಲ್‌ಸಿ, 24 ವೋಲ್ಟಿನ ಒಂದು ಚಿಕ್ಕ ರಿಲೇ, 13-14 ಖಾಲಿ ಸಿಗದಿದ್ದರೆ ಅದೇ ಥರದ ಇನ್ನೊಂದು ಆಕ್ಸಿಲರಿ. ಒಂದು ಮಲ್ಟಿಮೀಟರ್.

ಗೊತ್ತಿಲ್ಲದವರಿಗೆ ಎರಡು ಮಾತು. ಎನ್‌ಒ ಅಂದರೆ ಮುಟ್ಟದೆ ಬಿಟ್ಟಾಗ ತೆರೆದಿರುವ ಕಾಂಟ್ಯಾಕ್ಟ್, ಎನ್‌ಸಿ ಅಂದರೆ ಮುಟ್ಟದೆ ಬಿಟ್ಟಾಗ ಕೂಡಿರುವ ಕಾಂಟ್ಯಾಕ್ಟ್. ಓವರ್‌ಲೋಡ್ ರಿಲೇಯಲ್ಲಿ 95-96 ಎನ್‌ಸಿ, 97-98 ಎನ್‌ಒ. ಟ್ರಿಪ್ ಆದಾಗ ಮೊದಲಿನದು ಬಿಡುತ್ತದೆ, ಎರಡನೆಯದು ಕೂಡುತ್ತದೆ.

ಹಂತ 1: ಮೊದಲು ರಿಲೇ ಸರ್ಕ್ಯೂಟ್ ಕೆಲಸ ಮಾಡಲಿ

ಪಿಎಲ್‌ಸಿ ಇಲ್ಲದೆ ಕಂಟ್ರೋಲ್ ವೈರಿಂಗ್ ಮಾಡಿ. ದಾರಿ ಹೀಗಿದೆ: ಫೇಸ್, ಎಂಸಿಬಿ, ಓವರ್‌ಲೋಡ್‌ನ 95-96, ಸ್ಟಾಪ್ ಬಟನ್, ಸ್ಟಾರ್ಟ್ ಬಟನ್, ಕಾಯಿಲ್‌ನ ಎ1. ಎ2 ನೇರ ನ್ಯೂಟ್ರಲ್‌ಗೆ. ಕಾಂಟ್ಯಾಕ್ಟರ್‌ನ 13-14 ಅನ್ನು ಸ್ಟಾರ್ಟ್ ಬಟನ್‌ಗೆ ಪ್ಯಾರಲಲ್ ಆಗಿ ಹಾಕಿ. ಸ್ಟಾರ್ಟ್‌ಗೆ ಮಾತ್ರ.

ಸ್ಟಾರ್ಟ್ ಒತ್ತಿದರೆ ಕಾಯಿಲ್‌ಗೆ ಕರೆಂಟ್ ಹೋಗಿ ಕಾಂಟ್ಯಾಕ್ಟರ್ ಎಳೆಯುತ್ತದೆ. 13-14 ಕೂಡುತ್ತದೆ. ಈಗ ಬೆರಳು ತೆಗೆದರೂ ಆ ಕಾಂಟ್ಯಾಕ್ಟ್ ಮೂಲಕ ಕರೆಂಟ್ ಹೋಗುತ್ತಲೇ ಇರುತ್ತದೆ. ಕಾಂಟ್ಯಾಕ್ಟರ್ ತನ್ನನ್ನು ತಾನೇ ಹಿಡಿದುಕೊಂಡಿದೆ. ಇದನ್ನೇ ಸೀಲ್-ಇನ್ ಅಥವಾ ನಮ್ಮವರು ಹೇಳುವಂತೆ ಹೋಲ್ಡಿಂಗ್ ಅನ್ನುವುದು. ಸ್ಟಾಪ್ ಒತ್ತಿದರೂ, ಓವರ್‌ಲೋಡ್ ಟ್ರಿಪ್ ಆದರೂ, ಕರೆಂಟ್ ಹೋದರೂ ಹಿಡಿತ ಬಿಡುತ್ತದೆ. ಮತ್ತೆ ಯಾರಾದರೂ ಸ್ಟಾರ್ಟ್ ಒತ್ತುವ ತನಕ ಬರುವುದಿಲ್ಲ.

ಈ ಕೊನೆಯ ವಾಕ್ಯವನ್ನು ನೆನಪಿನಲ್ಲಿಡಿ. ಹಳ್ಳಿಯ ಪಂಪ್‌ಸೆಟ್‌ಗಳಲ್ಲಿ ಕರೆಂಟ್ ಬಂದ ಕೂಡಲೇ ಮೋಟರ್ ಆನ್ ಆಗಲಿ ಅಂತ ಆಟೋ ಸ್ಟಾರ್ಟರ್ ಹಾಕಿಕೊಳ್ಳುತ್ತಾರಲ್ಲ, ಅದು ಬೇಕಂತಲೇ ಈ ಗುಣವನ್ನು ತೆಗೆದುಹಾಕುವ ಉಪಾಯ. ಕನ್ವೇಯರ್‌ನಲ್ಲಿ ಹಾಗೆ ಮಾಡುವಂತಿಲ್ಲ. ಸ್ಕ್ರೂ ಒಳಗೆ ಯಾರದ್ದಾದರೂ ಕೈ ಇರಬಹುದು.

ಓವರ್‌ಲೋಡ್‌ನ ಡಯಲ್ ಅನ್ನು ನೇಮ್‌ಪ್ಲೇಟ್‌ನ 7.5ಕ್ಕೆ ಇಡಿ. ಟ್ರಿಪ್ ಆಗುತ್ತೆ ಅಂತ 9ಕ್ಕೆ ತಿರುಗಿಸುವ ಅಭ್ಯಾಸ ಕೆಲವರಿಗಿದೆ. ಅದರಿಂದ ಉಳಿಯುವುದು ಓವರ್‌ಲೋಡ್ ರಿಲೇ, ಸುಡುವುದು ಮೋಟರ್. ಇನ್ನೊಂದು ವಿಷಯ: ಈ ರಿಲೇ ಶಾರ್ಟ್ ಸರ್ಕ್ಯೂಟ್‌ಗೆ ಅಲ್ಲ. ಅದಕ್ಕೆ ಪವರ್ ಲೈನ್‌ನಲ್ಲಿ ಬೇರೆ ಫ್ಯೂಸ್ ಅಥವಾ ಎಂಸಿಬಿ ಇರಲೇಬೇಕು.

ಹಂತ 2: ಕರೆಂಟ್ ಕೊಡುವ ಮೊದಲು ಮೀಟರ್ ಹಿಡಿಯಿರಿ

ಪವರ್, ಕಂಟ್ರೋಲ್ ಎರಡೂ ಆಫ್ ಮಾಡಿ. ಆಫ್ ಆಗಿದೆ ಅಂತ ಮೀಟರ್‌ನಲ್ಲೇ ಖಾತ್ರಿ ಮಾಡಿಕೊಂಡು, ಬಝರ್ ಮೋಡ್‌ಗೆ ಹಾಕಿ. ಒಂದು ಕಡ್ಡಿ ಕಂಟ್ರೋಲ್ ಎಂಸಿಬಿಯ ಔಟ್‌ನಲ್ಲಿ, ಇನ್ನೊಂದು ಎ1ನಲ್ಲಿ. ಸುಮ್ನೆ ಇಟ್ಟಾಗ ಶಬ್ದ ಬರಬಾರದು. ಸ್ಟಾರ್ಟ್ ಒತ್ತಿದರೆ ಬರಬೇಕು. ಸ್ಟಾರ್ಟ್ ಬಿಟ್ಟು, ಕಾಂಟ್ಯಾಕ್ಟರ್‌ನ ಮುಂಭಾಗವನ್ನು ಸ್ಕ್ರೂಡ್ರೈವರ್‌ನಿಂದ ಒಳಗೆ ಒತ್ತಿದರೂ ಬರಬೇಕು. ಹಾಗೆ ಒತ್ತಿ ಹಿಡಿದೇ ಸ್ಟಾಪ್ ಒತ್ತಿದರೆ ನಿಲ್ಲಬೇಕು. ಓವರ್‌ಲೋಡ್‌ನ ಟೆಸ್ಟ್ ಬಟನ್ ಒತ್ತಿದಾಗಲೂ ನಿಲ್ಲಬೇಕು. ಕಾಂಟ್ಯಾಕ್ಟರ್ ಅನ್ನು ಕೈಯಿಂದ ಒತ್ತುವ ಕೆಲಸ ಪವರ್ ಆಫ್ ಇದ್ದಾಗ ಮಾತ್ರ.

ತಪ್ಪಾಗಿದ್ದರೆ ಲಕ್ಷಣ ನೋಡಿಯೇ ಹೇಳಬಹುದು. ಬೆರಳು ತೆಗೆದ ಕೂಡಲೇ ಮೋಟರ್ ನಿಲ್ಲುತ್ತದೆಯೇ? 13-14ರ ವೈರ್ ಎಲ್ಲೋ ಬಿಟ್ಟಿದೆ. ಸ್ಟಾಪ್ ಒತ್ತಿದರೂ ನಿಲ್ಲುವುದಿಲ್ಲವೇ? 13-14 ಸ್ಟಾರ್ಟ್ ಮತ್ತು ಸ್ಟಾಪ್ ಎರಡನ್ನೂ ದಾಟಿ ಕೂತಿದೆ. ಯಾರೂ ಏನೂ ಒತ್ತದೆ ಕಾಂಟ್ಯಾಕ್ಟರ್ ಟಕಟಕ ಅಂತ ಬಡಿದುಕೊಳ್ಳುತ್ತದೆಯೇ? 13-14 ಬದಲು ಎನ್‌ಸಿ ಆದ 21-22 ಹಾಕಿದ್ದೀರಿ. ಕಾಯಿಲ್ ಎಳೆದ ಕೂಡಲೇ ಅದು ಬಿಡುತ್ತದೆ, ಬಿಟ್ಟ ಕೂಡಲೇ ಕೂಡುತ್ತದೆ.

ಹಂತ 3: ಪಿಎಲ್‌ಸಿಗೆ ವೈರ್ ತನ್ನಿ

ಈಗ 13-14ರ ವೈರ್ ತೆಗೆದುಹಾಕಿ. ಬಟನ್‌ಗಳನ್ನೂ 95-96 ಅನ್ನೂ ಕಾಯಿಲ್ ದಾರಿಯಿಂದ ಬಿಚ್ಚಿ, 24 ವೋಲ್ಟ್‌ನಿಂದ ಪಿಎಲ್‌ಸಿ ಇನ್‌ಪುಟ್‌ಗೆ ಕೊಡಿ. ಹಳೆಯ 240 ವೋಲ್ಟ್ ವೈರ್ ಒಂದೂ ಇವುಗಳಲ್ಲಿ ಉಳಿಯದಂತೆ ನೋಡಿಕೊಳ್ಳಿ. ಉಳಿದರೆ ಇನ್‌ಪುಟ್ ಸುಟ್ಟಿತು ಅಂತಲೇ ಲೆಕ್ಕ. ಮೊದಲ ಅನುವಾದಕ್ಕೆ ಹೀಗೆ ಇಟ್ಟುಕೊಳ್ಳೋಣ:

```
I0.0  ಸ್ಟಾಪ್ ಬಟನ್, ಎನ್‌ಸಿ
I0.1  ಸ್ಟಾರ್ಟ್ ಬಟನ್, ಎನ್‌ಒ
I0.2  ಓವರ್‌ಲೋಡ್ 95-96, ಎನ್‌ಸಿ
Q0.0  ಕಾಂಟ್ಯಾಕ್ಟರ್
```

Q0.0 ನೇರವಾಗಿ ಕಾಂಟ್ಯಾಕ್ಟರ್ ಕಾಯಿಲ್ ಎಳೆಯುವುದು ಬೇಡ. ಎಳೆಯುವ ಕ್ಷಣದಲ್ಲಿ ಎಸಿ ಕಾಯಿಲ್ ತಗೊಳ್ಳುವ ಕರೆಂಟ್, ಆಮೇಲೆ ಹಿಡಿದಿಡಲು ಬೇಕಾದದ್ದಕ್ಕಿಂತ ಹಲವು ಪಟ್ಟು ಜಾಸ್ತಿ. ನಡುವೆ 24 ವೋಲ್ಟಿನ ಚಿಕ್ಕ ರಿಲೇ ಇದ್ದರೆ ಹಾಳಾಗುವುದು ಆ ರಿಲೇ, ಪಿಎಲ್‌ಸಿಯ ಔಟ್‌ಪುಟ್ ಅಲ್ಲ.

ಹಂತ 4: ಲ್ಯಾಡರ್ ಬರೆಯಿರಿ. ಎಲ್ಲರೂ ಎಡವುವ ಜಾಗ ಇದೇ

ರಿಲೇ ನಕ್ಷೆಯನ್ನು ಇದ್ದ ಹಾಗೇ ನಕಲು ಮಾಡಿದರೆ ಹೀಗೆ ಬರುತ್ತದೆ:

```
   I0.0   I0.2     I0.1           Q0.0
|--[/]----[/]---+--[ ]--+---------( )--|
                |  Q0.0 |
                +--[ ]--+
```

ನೋಡಲು ನಕ್ಷೆಯ ಥರವೇ ಇದೆ. ಓಡುವುದಿಲ್ಲ.

ಕಾರಣ ಇಷ್ಟೇ. ರಿಲೇ ನಕ್ಷೆಯ ಎನ್‌ಸಿ ಗುರುತು ಒಂದು ವಸ್ತುವನ್ನು ತೋರಿಸುತ್ತದೆ, ತಗಡಿನ ಎರಡು ತುಂಡು ಕೂಡಿವೆ ಅಂತ. ಲ್ಯಾಡರ್‌ನ ಗುರುತು ವಸ್ತುವನ್ನು ತೋರಿಸುವುದಿಲ್ಲ, ಒಂದು ಪ್ರಶ್ನೆ ಕೇಳುತ್ತದೆ. `[ ]` ಅಂದರೆ "ಈ ಬಿಟ್ 1 ಇದೆಯಾ?" `[/]` ಅಂದರೆ "ಈ ಬಿಟ್ 0 ಇದೆಯಾ?" ಇನ್‌ಪುಟ್‌ಗೆ ಬರುತ್ತಿರುವುದು ಎನ್‌ಸಿಯಿಂದಲೋ ಎನ್‌ಒಯಿಂದಲೋ ಪಿಎಲ್‌ಸಿಗೆ ಗೊತ್ತಾಗುವುದಿಲ್ಲ. 24 ವೋಲ್ಟ್ ಬಂತು ಅಂದರೆ 1, ಬರಲಿಲ್ಲ ಅಂದರೆ 0.

ಸ್ಟಾಪ್ ಬಟನ್ ಮುಟ್ಟದೆ ಇದ್ದಾಗ ಎನ್‌ಸಿ ಕೂಡಿದೆ, 24 ವೋಲ್ಟ್ ಬರುತ್ತಿದೆ, I0.0 ಈಗ 1. `[/]` ಕೇಳುತ್ತದೆ "0 ಇದೆಯಾ?" ಇಲ್ಲ. ದಾರಿ ಅಲ್ಲೇ ಕಡಿದಂತೆ. ಎನ್‌ಸಿಯ ಉಲ್ಟಾ ಕೆಲಸ ಹೊರಗೆ ಬಟನ್‌ನಲ್ಲಿ ಒಮ್ಮೆ ಆಗಿಬಿಟ್ಟಿದೆ. ಒಳಗೆ ಇನ್ನೊಮ್ಮೆ ಉಲ್ಟಾ ಮಾಡಿದರೆ ಎರಡೂ ಸೇರಿ ಕೆಡುತ್ತದೆ.

ಹಾಗಾಗಿ ಸರಿಯಾದ ರೂಪ ಇದು:

```
   I0.0   I0.2     I0.1           Q0.0
|--[ ]----[ ]---+--[ ]--+---------( )--|
                |  Q0.0 |
                +--[ ]--+
```

ನಿಯಮವಾಗಿ ಇಟ್ಟುಕೊಳ್ಳಬೇಕಾದರೆ: ಎಲ್ಲ ಸರಿಯಿದ್ದು ಮೋಟರ್ ಓಡಬಹುದಾದಾಗ ಆ ಇನ್‌ಪುಟ್‌ನ ಲೈಟ್ ಹತ್ತಿರುತ್ತಾ? ಹತ್ತಿದ್ದರೆ `[ ]`, ಆರಿದ್ದರೆ `[/]`. ಬಟನ್‌ನ ಮೇಲಿನ ಗುರುತು ನೋಡಬೇಡಿ, ಇನ್‌ಪುಟ್‌ನ ಲೈಟ್ ನೋಡಿ.

ಗೊಂದಲ ಆಗುವುದು ಸಹಜವೇ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಕಾರು ಕಾರ್ಖಾನೆಗಳಿಗಾಗಿ ಪಿಎಲ್‌ಸಿ ಮಾಡಿದಾಗ, ರಿಲೇ ನಕ್ಷೆ ಓದಬಲ್ಲ ಎಲೆಕ್ಟ್ರಿಷಿಯನ್‌ಗಳಿಗೆ ಸುಲಭವಾಗಲಿ ಅಂತ ಅದೇ ಥರದ ಗುರುತುಗಳನ್ನು ಇಟ್ಟರು. ಆ ಸುಲಭವೇ ಈಗ ಕಾಲಿಗೆ ತೊಡರುತ್ತಿದೆ.

ಸ್ಟಾಪ್ ಮಾತ್ರ ತಪ್ಪಾಗಿ `[/]` ಬರೆದಿದ್ದರೆ ಒಂದು ವಿಚಿತ್ರ ಲಕ್ಷಣ ಕಾಣುತ್ತದೆ. ಸ್ಟಾರ್ಟ್ ಒತ್ತಿದರೆ ಏನೂ ಆಗುವುದಿಲ್ಲ. ಸ್ಟಾಪ್ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿದರೆ ಮೋಟರ್ ಓಡುತ್ತದೆ! ಸ್ಟಾಪ್ ಬಿಟ್ಟ ಕೂಡಲೇ ನಿಲ್ಲುತ್ತದೆ. ಇದನ್ನು ನೋಡಿ ಕೆಲವರು ಮಾಡುವ ರಿಪೇರಿ ಇನ್ನೂ ಕೆಟ್ಟದ್ದು. ಪ್ರೋಗ್ರಾಂ ಮುಟ್ಟದೆ ಸ್ಟಾಪ್ ಬಟನ್‌ನಲ್ಲೇ ವೈರ್ ಅನ್ನು ಎನ್‌ಒಗೆ ಬದಲಾಯಿಸಿಬಿಡುತ್ತಾರೆ. ಆಗ ಎಲ್ಲ ಸರಿಯಾಗಿ ಕೆಲಸ ಮಾಡುತ್ತದೆ, ಸ್ಟಾಪ್‌ನ ವೈರ್ ಸಡಿಲವಾಗುವ ದಿನದ ತನಕ. ಅವತ್ತು ಎಷ್ಟು ಒತ್ತಿದರೂ ಪಿಎಲ್‌ಸಿಗೆ ಸುದ್ದಿ ತಲುಪುವುದಿಲ್ಲ, ಮೋಟರ್ ನಿಲ್ಲುವುದಿಲ್ಲ. ಎನ್‌ಸಿ ಇದ್ದಿದ್ದರೆ ವೈರ್ ಬಿಟ್ಟ ಕ್ಷಣವೇ I0.0 ಸೊನ್ನೆಯಾಗಿ ಮೋಟರ್ ನಿಲ್ಲುತ್ತಿತ್ತು. ಕೆಟ್ಟರೆ ನಿಲ್ಲುವ ಕಡೆಗೇ ಕೆಡಲಿ ಅಂತಲೇ ಸ್ಟಾಪ್‌ಗೆ ಎನ್‌ಸಿ ಹಾಕುವುದು.

ಎರಡು ಸಣ್ಣ ಎಚ್ಚರಿಕೆ. ಅಮೆರಿಕದ ನಕ್ಷೆಗಳಲ್ಲಿ ಓವರ್‌ಲೋಡ್ ಕಾಂಟ್ಯಾಕ್ಟ್ ಕಾಯಿಲ್‌ನ ಬಲಗಡೆ, ನ್ಯೂಟ್ರಲ್ ಪಕ್ಕ ಇರುತ್ತದೆ. ಸಾಮಾನ್ಯವಾಗಿ ಲ್ಯಾಡರ್‌ನಲ್ಲಿ ಕಾಯಿಲ್‌ನ ಬಲಕ್ಕೆ ಕಾಂಟ್ಯಾಕ್ಟ್ ಹಾಕಲು ಬಿಡುವುದಿಲ್ಲ, ಅದನ್ನು ಎಡಕ್ಕೆ ತನ್ನಿ. ಮತ್ತೆ, Q0.0 ಕಾಯಿಲ್ ಅನ್ನು ಪ್ರೋಗ್ರಾಂನಲ್ಲಿ ಒಂದೇ ಕಡೆ ಬರೆಯಿರಿ. ಪಿಎಲ್‌ಸಿ ಮೇಲಿನಿಂದ ಕೆಳಕ್ಕೆ ಓದಿ ಕೊನೆಗೆ ಔಟ್‌ಪುಟ್ ಕೊಡುತ್ತದೆ. ಎರಡು ಕಡೆ ಇದ್ದರೆ ಕೆಳಗಿನದೇ ಗೆಲ್ಲುತ್ತದೆ, ಮೇಲಿನ ಸಾಲು ಪರದೆಯಲ್ಲಿ ಹಸಿರಾಗಿದ್ದರೂ ಮೋಟರ್ ಅಲ್ಲಾಡುವುದಿಲ್ಲ.

ಹಂತ 5: ಓವರ್‌ಲೋಡ್ ಅನ್ನು ಪ್ರೋಗ್ರಾಂ ಕೈಗೆ ಮಾತ್ರ ಕೊಡಬೇಡಿ

ಮೇಲಿನ ಲ್ಯಾಡರ್ ಓಡುತ್ತದೆ, ಆದರೆ ಅಲ್ಲಿಗೇ ಬಿಡುವಂತಿಲ್ಲ. ಓವರ್‌ಲೋಡ್ ಈಗ ಪಿಎಲ್‌ಸಿಗೆ ಹೇಳುತ್ತದೆ, ಪಿಎಲ್‌ಸಿ ಮೋಟರ್ ನಿಲ್ಲಿಸುತ್ತದೆ. ನಡುವಿನ ಚಿಕ್ಕ ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡರೆ? ಯಾರೋ ಟೆಸ್ಟಿಂಗ್‌ಗೆ ಅಂತ Q0.0 ಫೋರ್ಸ್ ಮಾಡಿ ಮರೆತಿದ್ದರೆ? ಓವರ್‌ಲೋಡ್ ಕೂಗುತ್ತದೆ, ಮೋಟರ್ ಸುಡುತ್ತದೆ.

ಅದಕ್ಕೆ 95-96 ಮತ್ತೆ ಕಾಯಿಲ್‌ನ ದಾರಿಗೇ ಹೋಗಲಿ: ಫೇಸ್, ಎಂಸಿಬಿ, 95-96, ಚಿಕ್ಕ ರಿಲೇಯ ಕಾಂಟ್ಯಾಕ್ಟ್, ಎ1. ಈಗ ಪ್ರೋಗ್ರಾಂ ಏನೇ ಹೇಳಲಿ, ಟ್ರಿಪ್ ಆದರೆ ಕಾಂಟ್ಯಾಕ್ಟರ್ ಬಿಟ್ಟೇ ಬಿಡುತ್ತದೆ.

ಇಷ್ಟು ಮಾಡಿ, ಲ್ಯಾಡರ್‌ನಿಂದ I0.2 ತೆಗೆದು, ಅಲ್ಲಿಗೇ ನಿಲ್ಲಿಸಿದವರೇ ಆ ಎರಡನೇ ದೂರು ತರುವವರು. ಯೋಚಿಸಿ. ಗೋಧಿ ಸಿಕ್ಕಿಕೊಂಡು ಸ್ಕ್ರೂ ಬಿಗಿಯಾಯಿತು, ಓವರ್‌ಲೋಡ್ ಟ್ರಿಪ್ ಆಯಿತು, ಮೋಟರ್ ನಿಂತಿತು. ಆದರೆ ಪಿಎಲ್‌ಸಿಗೆ ಇದು ಗೊತ್ತೇ ಇಲ್ಲ. ಅದರ ಒಳಗೆ Q0.0 ಇನ್ನೂ 1, ತನ್ನದೇ ಬಿಟ್ ಮೂಲಕ ಸೀಲ್ ಆಗಿಯೇ ಇದೆ. ಓವರ್‌ಲೋಡ್ ಆಟೋ ರಿಸೆಟ್‌ನಲ್ಲಿದ್ದರೆ ಕೆಲವು ನಿಮಿಷಕ್ಕೆ ತಣ್ಣಗಾಗಿ 95-96 ಕೂಡುತ್ತದೆ. ಮೋಟರ್ ತಾನೇ ಹೊರಡುತ್ತದೆ. ಅಷ್ಟು ಹೊತ್ತಿಗೆ ಮುಚ್ಚಳ ತೆಗೆದು ಗೋಧಿ ಬಿಡಿಸಲು ಯಾರೋ ಕೈ ಹಾಕಿರುತ್ತಾರೆ. ಮ್ಯಾನುಯಲ್ ರಿಸೆಟ್‌ನಲ್ಲಿದ್ದರೂ ಗುಂಡಿ ಒತ್ತಿದ ಕ್ಷಣವೇ ಹೊರಡುತ್ತದೆ.

ರಿಲೇ ಸರ್ಕ್ಯೂಟ್‌ನಲ್ಲಿ ಹೀಗಾಗುತ್ತಿರಲಿಲ್ಲ. ಅಲ್ಲಿ ಸೀಲ್ ಆಗಿದ್ದದ್ದು 13-14, ಅಂದರೆ ಕಾಂಟ್ಯಾಕ್ಟರ್‌ನ ದೇಹದ ಒಂದು ಭಾಗ. ಕಾಂಟ್ಯಾಕ್ಟರ್ ಬಿಟ್ಟರೆ ಅದೂ ಬಿಡುತ್ತಿತ್ತು. ಲ್ಯಾಡರ್‌ನ Q0.0 ಕಾಂಟ್ಯಾಕ್ಟರ್ ಅಲ್ಲ, "ಕಾಂಟ್ಯಾಕ್ಟರ್ ಎಳೆ" ಅನ್ನುವ ಆಜ್ಞೆ ಮಾತ್ರ. ಆಜ್ಞೆಯನ್ನೇ ಸೀಲ್ ಮಾಡಿಕೊಂಡರೆ ಹೊರಗೆ ಏನಾಯ್ತು ಅಂತ ಯಾರು ಹೇಳಬೇಕು?

ಎಮರ್ಜೆನ್ಸಿ ಸ್ಟಾಪ್‌ಗೂ ಇದೇ ಮಾತು. ಅದನ್ನು ಪ್ರೋಗ್ರಾಂ ಮೂಲಕ ಅಲ್ಲ, ವೈರ್ ಮೂಲಕವೇ ಕಾಯಿಲ್ ಕಡಿಯುವಂತೆ ಹಾಕಬೇಕು. ಹಾಗೆ ಹಾಕಿ, ಸೀಲ್ ಮಾತ್ರ Q0.0ದು ಉಳಿದರೆ, ಕೆಂಪು ಗುಂಡಿಯನ್ನು ತಿರುಗಿಸಿ ಬಿಡಿಸಿದ ತಕ್ಷಣ ಮೋಟರ್ ಓಡುತ್ತದೆ. ಯಂತ್ರಗಳ ವಿದ್ಯುತ್ ಸುರಕ್ಷತೆಯ ಐಇಸಿ 60204-1 ಮಾನದಂಡ ಇದನ್ನು ಒಪ್ಪುವುದಿಲ್ಲ. ಗುಂಡಿ ಬಿಡಿಸುವುದು ಮತ್ತೆ ಶುರುಮಾಡಲು ಅನುಮತಿ ಅಷ್ಟೇ ಆಗಬೇಕು, ಅದೇ ಶುರುಮಾಡಬಾರದು.

ಹಂತ 6: ಕಾಂಟ್ಯಾಕ್ಟರ್‌ನ ಸುದ್ದಿ ಒಳಗೆ ತನ್ನಿ

ಕಾಂಟ್ಯಾಕ್ಟರ್‌ನ ಆಕ್ಸಿಲರಿ ಎನ್‌ಒ ಒಂದನ್ನು 24 ವೋಲ್ಟ್‌ನಿಂದ I0.3ಗೆ ಕೊಡಿ. ಹಂತ 3ರಲ್ಲಿ 13-14 ಖಾಲಿಯಾಗಿರುವುದರಿಂದ ಅದನ್ನೇ ಬಳಸಬಹುದು. ಖಾಲಿ ಇಲ್ಲದಿದ್ದರೆ ಇನ್ನೊಂದು ಬ್ಲಾಕ್ ಹಾಕಿ. I0.2ಗೆ ಈಗ 97-98 ಬರಲಿ, 95-96 ಕಾಯಿಲ್ ದಾರಿಗೆ ಹೋಯಿತಲ್ಲ. 97-98 ಎಲ್ಲ ಸರಿಯಿದ್ದಾಗ ತೆರೆದಿರುತ್ತದೆ, ಲೈಟ್ ಆರಿರುತ್ತದೆ. ಹಂತ 4ರ ನಿಯಮದ ಪ್ರಕಾರ ಲ್ಯಾಡರ್‌ನಲ್ಲಿ ಅದಕ್ಕೆ `[/]`:

```
   I0.0   I0.2     I0.1             Q0.0
|--[ ]----[/]---+--[ ]----------+---( )--|
                |  Q0.0   I0.3  |
                +--[ ]----[ ]---+
```

ಸ್ಟಾರ್ಟ್ ಒತ್ತಿದಾಗ Q0.0 ಬರುತ್ತದೆ, ಕಾಂಟ್ಯಾಕ್ಟರ್ ಎಳೆಯುತ್ತದೆ, I0.3 ಬರುತ್ತದೆ, ಆಮೇಲೆ ಸೀಲ್ ಆಗುತ್ತದೆ. ಇದಕ್ಕೆಲ್ಲ ಒಂದು ಸೆಕೆಂಡಿನ ಸಣ್ಣ ಪಾಲು ಸಾಕು, ಬೆರಳು ಅದಕ್ಕಿಂತ ಹೆಚ್ಚು ಹೊತ್ತು ಬಟನ್ ಮೇಲೆ ಇರುತ್ತದೆ. ಯಾವ ಕಾರಣಕ್ಕೇ ಕಾಂಟ್ಯಾಕ್ಟರ್ ಬಿಟ್ಟರೂ I0.3 ಸೊನ್ನೆಯಾಗಿ Q0.0 ಕೂಡ ಬೀಳುತ್ತದೆ. ಇನ್ನು ಸ್ಟಾರ್ಟ್ ಒತ್ತಿದರೇ ಬರುವುದು.

ಸುಮ್ನೆ I0.3 ಒಂದರಿಂದಲೇ ಸೀಲ್ ಮಾಡಬಾರದಾ, Q0.0 ಯಾಕೆ ಜೊತೆಗೆ? ಕಾಂಟ್ಯಾಕ್ಟರ್ ಒಳಗೇ ಅಂಟಿಕೊಂಡಿತು ಅನ್ನಿ. ಸ್ಟಾಪ್ ಒತ್ತಿದರೆ Q0.0 ಬೀಳುತ್ತದೆ, I0.3 ಮಾತ್ರ 1 ಆಗಿಯೇ ಇರುತ್ತದೆ. I0.3 ಒಂದೇ ಇದ್ದರೆ ಸ್ಟಾಪ್‌ನಿಂದ ಬೆರಳು ತೆಗೆದ ಕೂಡಲೇ Q0.0 ಮತ್ತೆ ಏಳುತ್ತದೆ. ಎರಡೂ ಸರಣಿಯಲ್ಲಿದ್ದರೆ ಏಳುವುದಿಲ್ಲ. "Q0.0 ಇಲ್ಲ, ಆದರೂ I0.3 ಇದೆ" ಅನ್ನುವ ಸ್ಥಿತಿ ಅರ್ಧ ಸೆಕೆಂಡ್ ದಾಟಿದರೆ ಅಲಾರಂ ಕೊಡುವ ಒಂದು ಟೈಮರ್ ಸಾಲನ್ನೂ ಸೇರಿಸಬಹುದು. ಅಂಟಿಕೊಂಡ ಕಾಂಟ್ಯಾಕ್ಟರ್ ಅನ್ನು ಯಾವ ಲ್ಯಾಡರೂ ಬಿಡಿಸಲಾರದು, ಆಗ ಪವರ್ ಎಂಸಿಬಿ ಇಳಿಸುವುದೇ ದಾರಿ.

ಇಲ್ಲಿ ಎರಡು ಕಡೆ ಜೋಪಾನ. ಕೆಲವು ಓವರ್‌ಲೋಡ್ ರಿಲೇಗಳಲ್ಲಿ ನಾಲ್ಕು ಟರ್ಮಿನಲ್ ಬದಲು 95, 96, 98 ಅಂತ ಮೂರೇ ಇರುತ್ತವೆ, 95 ಎರಡಕ್ಕೂ ಕಾಮನ್. ಅಂಥದ್ದರಲ್ಲಿ 240 ಮತ್ತು 24 ವೋಲ್ಟ್ ಎರಡನ್ನೂ ತರಲಾಗದು. ಆಗ I0.2 ಬಿಟ್ಟುಬಿಡಿ. ಸೀಲ್ ಬಿಡಿಸಲು I0.3 ಸಾಕು, ಕಳೆದುಕೊಳ್ಳುವುದು "ಓವರ್‌ಲೋಡ್‌ನಿಂದ ನಿಂತಿತು" ಅನ್ನುವ ಸುದ್ದಿ ಮಾತ್ರ. ಎರಡನೆಯದು, ಟಚ್ ಸ್ಕ್ರೀನ್‌ನಿಂದ ಸ್ಟಾರ್ಟ್ ಕೊಡುವವರಿಗೆ. ಅಲ್ಲಿಂದ ಒಂದೇ ಸ್ಕ್ಯಾನ್‌ನಷ್ಟು ಚಿಕ್ಕ ಪಲ್ಸ್ ಬಂದರೆ I0.3 ಬರುವ ಮೊದಲೇ ಸ್ಟಾರ್ಟ್ ಹೋಗಿರುತ್ತದೆ. ಕಾಂಟ್ಯಾಕ್ಟರ್ ಒಮ್ಮೆ ಟಕ್ ಅಂದು ಬಿಡುತ್ತದೆ, ಇಲ್ಲವೇ ಅಲುಗುವುದೇ ಇಲ್ಲ. ಆ ಪಲ್ಸ್ ಅನ್ನು ಟೈಮರ್‌ನಿಂದ ಅರ್ಧ ಸೆಕೆಂಡಿಗೆ ಹಿಗ್ಗಿಸಿ.

ಸೀಲ್ ಬದಲು ಸೆಟ್-ರಿಸೆಟ್ ಬಳಸಬಹುದಾ ಅಂತಲೂ ಕೇಳುತ್ತಾರೆ. ಈ ಕೆಲಸಕ್ಕೆ ನಾನು ಬಳಸುವುದಿಲ್ಲ. ಸೆಟ್ ಮಾಡಿದ ಬಿಟ್ ರಿಟೆಂಟಿವ್ ಜಾಗದಲ್ಲಿದ್ದರೆ, ಅಂದರೆ ಕರೆಂಟ್ ಹೋದರೂ ನೆನಪು ಉಳಿಯುವ ಜಾಗದಲ್ಲಿದ್ದರೆ, ಕರೆಂಟ್ ಬಂದ ಕೂಡಲೇ ಕನ್ವೇಯರ್ ಓಡುತ್ತದೆ.

ಹಂತ 7: ಮೋಟರ್‌ಗೆ ಪವರ್ ಕೊಡದೆ ಪರೀಕ್ಷೆ ಮಾಡಿ

ಪವರ್ ಎಂಸಿಬಿ ಆಫ್, ಕಂಟ್ರೋಲ್ ಮತ್ತು ಪಿಎಲ್‌ಸಿ ಆನ್. ಕಾಂಟ್ಯಾಕ್ಟರ್ ಮಾತ್ರ ಕೆಲಸ ಮಾಡಲಿ. ಏನೂ ಒತ್ತದಾಗ I0.0 ಲೈಟ್ ಒಂದೇ ಹತ್ತಿರಬೇಕು. ಸ್ಟಾರ್ಟ್ ಒತ್ತಿ ಬಿಟ್ಟ ಮೇಲೆ I0.0, I0.3, Q0.0 ಮೂರೂ ಹತ್ತಿರಬೇಕು.

ಈಗ ಓಡುತ್ತಿರುವಾಗಲೇ ಒಂದೊಂದಾಗಿ ಕೆಡಿಸಿ ನೋಡಿ. I0.0 ವೈರ್ ಬಿಚ್ಚಿ: ಕಾಂಟ್ಯಾಕ್ಟರ್ ಬಿಡಬೇಕು. ಮತ್ತೆ ಹಾಕಿ: ತಾನಾಗಿ ಎಳೆಯಬಾರದು. ಓವರ್‌ಲೋಡ್‌ನ ಟೆಸ್ಟ್ ಒತ್ತಿ ರಿಸೆಟ್ ಮಾಡಿ: ಎಳೆಯಬಾರದು. ಎಮರ್ಜೆನ್ಸಿ ಒತ್ತಿ ಬಿಡಿಸಿ: ಎಳೆಯಬಾರದು. ಪಿಎಲ್‌ಸಿ ಆನ್ ಇರುವಾಗಲೇ ಕಂಟ್ರೋಲ್‌ನ 240 ವೋಲ್ಟ್ ಎಂಸಿಬಿಯನ್ನು ಮಾತ್ರ ಇಳಿಸಿ ಏರಿಸಿ: ಎಳೆಯಬಾರದು. ಈ ಕೊನೆಯದನ್ನು ಬಿಡಬೇಡಿ. ಹಂತ 4ರ ಲ್ಯಾಡರ್ ಇದ್ದ ಪ್ಯಾನೆಲ್‌ಗಳು ಮಿಕ್ಕ ಎಷ್ಟೋ ಪರೀಕ್ಷೆ ದಾಟಿ ಸಿಕ್ಕಿಬೀಳುವುದು ಇಲ್ಲೇ. ಪಿಎಲ್‌ಸಿಗೆ ಯುಪಿಎಸ್ ಇದ್ದು ಕರೆಂಟ್ ಒಮ್ಮೆ ಕಣ್ಣು ಮಿಟುಕಿಸಿದರೆ ನಡೆಯುವುದೂ ಇದೇ.